ತೂಕ ಎಲ್ಲಿ ಹೋತಪ್ಪಾ?

ಭಾನುವಾರದಿಂದ ದೊಡ್ಡಪ್ಪನ ಒಂದೇ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿದೆ. "ತೂಕ ಎಲ್ಲಿ ಹೋತಪ್ಪಾ?"

ಅಕ್ಕನ ಮಗ ಮೆಕ್ಕೆಜೋಳ ಒಣಗಿಸುವ ಡ್ರೈಯರ್ ಮಾಡಿದ್ದಾನೆ. ಟ್ರ್ಯಾಕ್ಟರ್ ಹಿಂದೆ ಕಟ್ಟಿಕೊಂಡು ಹೊಲಕ್ಕೇ ಹೋಗಿ ಬಾಡಿಗೆಗೆ ಒಣಗಿಸಿಕೊಡುವುದು ಅವನ ಯೋಚನೆ. ದುಡ್ಡು ಹಾಕುವವರಿಗೆ ತೋರಿಸಲು ಹನ್ನೊಂದು ಸ್ಲೈಡ್ ಮಾಡಿಕೊಂಡಿದ್ದ. ಬೆಂಗಳೂರಲ್ಲಿ ಹತ್ತು ವರ್ಷ ಇದೇ ಕೆಲಸ ಮಾಡಿದವನು ನಾನು, ಹಾಗಾಗಿ "ಮಾವ, ಸ್ವಲ್ಪ ನೋಡು" ಅಂತ ಬಂದ. ಹುಡುಗ ಜಾಣ, ಆದರೆ ಅವರಪ್ಪನ ಹಾಗೆ ಮಾತು ಜಾಸ್ತಿ. ಒಂದೊಂದು ಸ್ಲೈಡಲ್ಲೂ ಆರೇಳು ಸಾಲಿನ ಪ್ಯಾರಾ.

ಮೊದಲು ದೊಡ್ಡಪ್ಪನಿಗೆ ತೋರಿಸೋಣ ಅಂದೆ. ದಾವಣಗೆರೆ ಎಪಿಎಂಸಿಯಲ್ಲಿ ಅವರದು ನಲವತ್ತು ವರ್ಷದ ದಲಾಲಿ ಅಂಗಡಿ. ಹುಡುಗ ಓದುತ್ತಾ ಹೋದ, ಅವರು ಮಂಡಕ್ಕಿ ಮೆಲ್ಲುತ್ತಾ ಕೇಳಿದರು. ಏಳನೇ ಸ್ಲೈಡಿಗೆ ಕೈ ಎತ್ತಿದರು. "ಹಸಿ ಜೋಳ ಒಣಗಿಸ್ತಿ, ಸರಿ. ತೂಕ ಎಲ್ಲಿ ಹೋತಪ್ಪಾ?"

"ಅಜ್ಜ, ಅದನ್ನ ಬರ್ದೀನಲ್ಲ!"

ಬರೆದಿದ್ದು ನಿಜ. ಏಳನೇ ಸ್ಲೈಡಿನ ಪ್ಯಾರಾದಲ್ಲಿ, ನಾಲ್ಕನೇ ಸಾಲಿನ ನಡುವೆ, "ತೂಕದಲ್ಲಿ ಅಲ್ಪ ಇಳಿಕೆಯಾದರೂ" ಅಂತ. ಹಿಂದೆ ಮುಂದೆ ಬೂಷ್ಟು, ಗುಣಮಟ್ಟ, ಮಾರುಕಟ್ಟೆ ಎಲ್ಲ ಸೇರಿ ಆ ಮೂರು ಪದ ಹೂತೇ ಹೋಗಿದ್ದವು.

ರಾತ್ರಿ ಕೂತೆವು. ಮೊದಲ ಕೆಲಸ, ಪ್ಯಾರಾಗಳನ್ನೆಲ್ಲ ಕತ್ತರಿಸಿ ಸ್ಲೈಡಿನ ಕೆಳಗಿರುವ ನೋಟ್ಸ್ ಜಾಗಕ್ಕೆ ಹಾಕಿದ್ದು. ಅವು ಬಾಯಲ್ಲಿ ಹೇಳಲು ಬೇಕು, ಎಸೆಯಬಾರದು. ಆಮೇಲೆ "ಸಮಸ್ಯೆ", "ಪರಿಹಾರ" ಅಂತಿದ್ದ ತಲೆಬರಹಗಳನ್ನು ತೆಗೆದು, ಅಲ್ಲಿ ಒಂದೊಂದು ಪೂರ್ತಿ ವಾಕ್ಯ ಬರೆಯಲು ಹೇಳಿದೆ. ವಾಕ್ಯದಲ್ಲಿ "ಮತ್ತು" ನುಸುಳಿದರೆ ಅಲ್ಲಿ ಎರಡು ಮಾತಿವೆ ಅಂತ ಅನುಮಾನ ಪಡಬೇಕು. ಅವನ "ಸಮಸ್ಯೆ" ಸ್ಲೈಡ್ ಒಡೆದು ಎರಡಾಯಿತು: "ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಜೋಳ ಒಣಗುವುದಿಲ್ಲ." "ರೈತ ಹಸಿ ಜೋಳವನ್ನೇ ಮಾರಿ ದರ ಕಳೆದುಕೊಳ್ಳುತ್ತಾನೆ."

ಇವೆರಡರ ನಡುವೆ "ಅದಕ್ಕೇ" ಅಂತ ಇಟ್ಟು ಓದಿದರೆ ಸಲೀಸಾಗಿ ಕೂರುತ್ತೆ. ಕಥೆ ಹರಿಯುತ್ತಿದೆಯಾ ಅಂತ ನಾನು ನೋಡುವುದು ಹೀಗೇ. ತಲೆಬರಹಗಳನ್ನಷ್ಟೇ ಓದುತ್ತಾ, ಒಂದರಿಂದ ಇನ್ನೊಂದಕ್ಕೆ "ಅದಕ್ಕೇ" ಅಥವಾ "ಆದರೆ" ಹಾಕಿ ದಾಟಲು ಆಗಬೇಕು. ಬರೀ "ಆಮೇಲೆ, ಆಮೇಲೆ" ಅಂತಲೇ ದಾಟುತ್ತಿದ್ದರೆ ಅದು ದಿನಸಿ ಚೀಟಿ.

ಮೂರನೆಯದು "ನಮ್ಮ ಡ್ರೈಯರ್ ಹೊಲಕ್ಕೇ ಬಂದು ತೇವಾಂಶವನ್ನು ಶೇ 14ಕ್ಕೆ ಇಳಿಸುತ್ತದೆ." ಅಲ್ಲಿಂದ ನೇರ "ರೈತನಿಗೆ ಲಾಭ"ಕ್ಕೆ ಹಾರಿದ್ದ. ತಡೆದೆ. ತೂಕ ಎಲ್ಲಿ ಹೋತಪ್ಪಾ?

ಪೆನ್ನು ಹಿಡಿದೆವು. ಶೇ 20 ತೇವಾಂಶದ ಒಂದು ಕ್ವಿಂಟಲ್ ಜೋಳದಲ್ಲಿ ನೀರೇ 20 ಕೆಜಿ, ಒಣ ಭಾಗ 80. ಶೇ 14ಕ್ಕೆ ಬಂದಾಗ ಆ 80 ಕೆಜಿ ಒಟ್ಟು ತೂಕದ ಶೇ 86 ಆಗುತ್ತೆ. ಅಂದರೆ ಉಳಿಯುವುದು 93 ಕೆಜಿ. ಏಳು ಕೆಜಿ ಆವಿಯಾಯಿತು! ಸುಮ್ನೆ ಲೆಕ್ಕಕ್ಕೆ, ಹಸಿ ಜೋಳಕ್ಕೆ 1,900, ಒಣಗಿದ್ದಕ್ಕೆ 2,200 ರೂಪಾಯಿ ದರ ಅಂದುಕೊಂಡೆವು. 93 ಕೆಜಿಗೆ ಬರುವುದು 2,046. ಹೆಚ್ಚಿಗೆ ಸಿಕ್ಕಿದ್ದು 146. ಅವನ ಬಾಡಿಗೆ ಇದರೊಳಗೇ ಕೂರಬೇಕು, ರೈತನಿಗೂ ಉಳಿಯಬೇಕು. ಪ್ಯಾರಾದಲ್ಲಿ 300 ರೂಪಾಯಿ ಲಾಭ ಅಂತ ಬರೆದಿದ್ದ. ಬರೀ ದರಗಳನ್ನು ಕಳೆದಿದ್ದ.

ಆಗ ನಾಲ್ಕನೇ ತಲೆಬರಹ ಹುಟ್ಟಿತು: "ಆದರೆ ಒಣಗಿದರೆ ಕ್ವಿಂಟಲ್‌ಗೆ 7 ಕೆಜಿ ತೂಕ ಹೋಗುತ್ತದೆ."

"ಮಾವ, ನಮ್ಮ ಹುಳುಕು ನಾವೇ ಹೇಳ್ಬೇಕಾ?"

ಇಲ್ಲದಿದ್ದರೆ ಐದನೆಯದಕ್ಕೆ ಕಾಲಿಡಲು ಜಾಗವಿಲ್ಲ ಅಂದೆ. "ಅಷ್ಟು ಕಳೆದರೂ ರೈತನ ಕೈಗೆ ಹೆಚ್ಚು ಬರುತ್ತದೆ" ಅನ್ನುವುದು ನಾಲ್ಕರ ಮೇಲೆ ನಿಂತ ಮಾತು. ಅದರ ಕೆಳಗೆ ಆ 93 ಕೆಜಿ ಲೆಕ್ಕ ಮಾತ್ರ. ಡ್ರೈಯರ್ ಫೋಟೋ ಬೇಡ, ಅದು ಮೂರಕ್ಕೆ ಸೇರಿದ್ದು. ತಲೆಬರಹ ಹೇಳಿದ್ದಕ್ಕೆ ಸಾಕ್ಷಿ ಆಗದ್ದು ಯಾವುದೂ ಅಲ್ಲಿರಬಾರದು. ಮೇಲ್‌ನಲ್ಲಿ ಕಳಿಸುವ ಪ್ರತಿಗೆ ಮಾತ್ರ ಎರಡು ಸಾಲು ವಿವರಣೆ ಸೇರಿಸಿದೆವು, ಅಲ್ಲಿ ಹೇಳಲು ಅವನಿರಲ್ಲ ಅಲ್ವಾ.

ಅವನು ಬೇಕಂತ ಮುಚ್ಚಿಟ್ಟವನಲ್ಲ. ಪ್ಯಾರಾ ಬರೆಯುವಾಗ ಗೊತ್ತಿಲ್ಲದ್ದನ್ನು "ಆದರೂ" ಅಂತ ದಾಟಿಬಿಡಬಹುದು. ನಾನು ಬೆಂಗಳೂರಲ್ಲಿ ಎಷ್ಟು ಜನರಿಗೆ ಅಂಥ ಚೆಂದದ "ಆದರೂ"ಗಳನ್ನು ಬರೆದುಕೊಟ್ಟು ದುಡ್ಡು ಎಣಿಸಿದ್ದೇನೋ. ಯಾರೂ ನಡುವೆ ಕೈ ಎತ್ತಿರಲಿಲ್ಲ.

ಬುಧವಾರ ಮತ್ತೆ ಅಂಗಡಿಗೆ ಹೋದೆವು. ದೊಡ್ಡಪ್ಪ ಕನ್ನಡಕ ಹಾಕಿ ತಲೆಬರಹಗಳನ್ನು ತಾವೇ ಓದಿದರು. ನಾಲ್ಕಕ್ಕೆ "ಹ್ಞಾಂ, ಇಲ್ಲೈತಿ" ಅಂದರು. ಐದಕ್ಕೆ ತಲೆ ಆಡಿಸಿದರು. ಹುಡುಗನ ಮುಖ ಅರಳಿತು.

ಆರನೆಯದು ಬಾಡಿಗೆ. ಅದನ್ನೂ ಓದಿ, ಕನ್ನಡಕ ತೆಗೆದು ಕೇಳಿದರು: "ಡೀಸೆಲ್ ಯಾರ್ದಪ್ಪಾ?"