ಪತ್ರೊಡೆ ಮಾಡಿದ ಮೋಸ: ಅಪ್‌ಲೋಡ್ ಟೈಮ್ ಹುಡುಕಾಟದ ಲಾಗ್

ಜುಲೈ ಕೊನೆ, ಡೊಂಬಿವಿಲಿ

ಅತ್ತಿಗೆಯ ಯೂಟ್ಯೂಬ್ ಅಡುಗೆ ಚಾನೆಲ್‌ನಲ್ಲಿ ಈಗ 24 ವಿಡಿಯೋ ಇವೆ. ಅಡುಗೆ, ಮಾತು ಅವರದ್ದು. ಶೂಟಿಂಗ್, ಎಡಿಟಿಂಗ್, ಅಪ್‌ಲೋಡ್ ನನ್ನದು. ಇಷ್ಟು ದಿನ ಎಡಿಟ್ ಮುಗಿದ ತಕ್ಷಣ ಹಾಕಿಬಿಡ್ತಿದ್ದೆ. ಈ ಸಲ ವಾರದ ಯಾವ ದಿನ, ಎಷ್ಟು ಗಂಟೆಗೆ ಹಾಕಿದರೆ ಒಳ್ಳೆಯದು ಅಂತ ಲೆಕ್ಕ ಹಾಕೋಣ ಅಂದುಕೊಂಡೆ.

ಪ್ರತಿ ವಿಡಿಯೋದ ಮೊದಲ 7 ದಿನದ ವ್ಯೂಸ್ ಬರೆದುಕೊಂಡು ವಾರಗಳ ಪ್ರಕಾರ ಸರಾಸರಿ ತೆಗೆದೆ. ಗುರುವಾರ ಮೊದಲ ಸ್ಥಾನ: ಸರಾಸರಿ 2,683. ಭಾನುವಾರ ಬರೀ 870. ರಾತ್ರಿ ಊಟಕ್ಕೆ ಕೂತಾಗ "ಅತ್ತಿಗೆ, ಇನ್ನು ಮೇಲೆ ಗುರುವಾರ ಮಾತ್ರ" ಅಂತ ಜಂಬದಲ್ಲಿ ಹೇಳಿದೆ.

"ಗುರುವಾರ ಹಾಕಿದ್ದು ಯಾವ್ಯಾವುದು, ಹೇಳು" ಅಂದರು.

ಮೂರೇ ವಿಡಿಯೋ. ಒಂದಕ್ಕೆ 540, ಇನ್ನೊಂದಕ್ಕೆ 610, ಮೂರನೆಯದಕ್ಕೆ 6,900. ಆ ಮೂರನೆಯದು ಪತ್ರೊಡೆ! ಮಳೆಗಾಲ ಹಿಡಿದು ಕೆಸುವಿನ ಎಲೆ ಮಾರ್ಕೆಟ್‌ಗೆ ಬಂದಿತ್ತು, ಜನ ಪತ್ರೊಡೆ ಅಂತ ಸರ್ಚ್ ಮಾಡ್ತಿದ್ದರು. ಟ್ರಾಫಿಕ್ ಸೋರ್ಸ್ ತೆಗೆದು ನೋಡಿದರೆ ವ್ಯೂಸ್‌ನಲ್ಲಿ ಹೆಚ್ಚಿನವು ಸರ್ಚ್‌ನಿಂದಲೇ ಬಂದಿವೆ. ಸರ್ಚ್ ಮಾಡಿ ಬರುವವರಿಗೆ ನಾವು ಯಾವ ವಾರ ಹಾಕಿದ್ದೆವು ಅನ್ನೋದು ಬೇಕಿಲ್ಲ. ಮಂಗಳವಾರ ಹಾಕಿದ್ದರೂ ಅದು ಓಡುತ್ತಿತ್ತು. ಪತ್ರೊಡೆ ತೆಗೆದರೆ ಗುರುವಾರದ ಸರಾಸರಿ 575ಕ್ಕೆ ಕುಸಿಯುತ್ತದೆ. ಭಾನುವಾರದ ಐದು ವಿಡಿಯೋಗಳು 690ರಿಂದ 1,150ರ ಒಳಗೇ ಇವೆ. ಅಲ್ಲಿ ಯಾವುದನ್ನು ತೆಗೆದರೂ ಲೆಕ್ಕ ಅಷ್ಟೇನೂ ಅಲುಗಾಡುವುದಿಲ್ಲ.

ಅಲ್ಲಿಂದ ಒಂದು ಅಭ್ಯಾಸ ಮಾಡಿಕೊಂಡೆ. ಯಾವ ವಾರ ಗೆದ್ದರೂ ಅದರ ದೊಡ್ಡ ವಿಡಿಯೋ ಒಂದನ್ನು ಪಕ್ಕಕ್ಕಿಟ್ಟು ಮತ್ತೆ ಲೆಕ್ಕ ಹಾಕುತ್ತೇನೆ. ಆಗಲೂ ಗೆದ್ದರೆ ಮಾತ್ರ ಮುಂದಿನ ಮಾತು.

ಆಗಸ್ಟ್ ಮೊದಲ ವಾರ

ಸಮಸ್ಯೆ ಪತ್ರೊಡೆ ಒಂದೇ ಅಲ್ಲ. ವಾರಕ್ಕೆ 7 ದಿನ, ದಿನಕ್ಕೆ 24 ಗಂಟೆ, ಒಟ್ಟು 168 ಖಾನೆ. ನನ್ನ ಹತ್ತಿರ ಇರೋದು 24 ವಿಡಿಯೋ. ಮುಕ್ಕಾಲು ಪಾಲಿಗಿಂತ ಜಾಸ್ತಿ ಖಾನೆಗಳು ಖಾಲಿ. ತುಂಬಿದ ಖಾನೆಯಲ್ಲೂ ಒಂದೋ ಎರಡೋ ವಿಡಿಯೋ. ಅಷ್ಟರಲ್ಲಿ ಯಾವುದು ಗೆದ್ದರೂ ಅದು ಗಂಟೆಯ ಗೆಲುವೋ, ಅಡುಗೆಯ ಗೆಲುವೋ ಹೇಳೋಕಾಗಲ್ಲ. ಹಾಗಾಗಿ 168ನ್ನು ಎರಡಕ್ಕೆ ಇಳಿಸಬೇಕು.

ಆ ಎರಡನ್ನು ಆರಿಸೋಕೆ ಯೂಟ್ಯೂಬ್ ಸ್ಟುಡಿಯೋದ ಆಡಿಯೆನ್ಸ್ ಟ್ಯಾಬ್ ತೆರೆದೆ. ಅಲ್ಲಿ ನೇರಳೆ ಬಣ್ಣದ ಪಟ್ಟಿಗಳಿವೆ. ಕಳೆದ 28 ದಿನದಲ್ಲಿ ನಮ್ಮ ವೀಕ್ಷಕರು ಯಾವಾಗ ಯೂಟ್ಯೂಬ್‌ನಲ್ಲಿದ್ದರು ಅಂತ ತೋರಿಸುತ್ತವೆ. ಯೂಟ್ಯೂಬ್‌ನಲ್ಲಿ, ನಮ್ಮ ಚಾನೆಲ್‌ನಲ್ಲಿ ಅಲ್ಲ. ಆ ಹೊತ್ತಿಗೆ ಅವರು ಧಾರಾವಾಹಿಯನ್ನೂ ನೋಡುತ್ತಿರಬಹುದು. ಪಟ್ಟಿಗೆ ಅಂಕಿ ಇಲ್ಲ, ಬರೀ ಗಾಢ, ತಿಳಿ. ನಮ್ಮದರಲ್ಲಿ ಹೆಚ್ಚುಕಮ್ಮಿ ಎಲ್ಲ ದಿನವೂ ರಾತ್ರಿ 9ರ ಸುತ್ತ ಗಾಢ. ಶನಿವಾರ ಬೆಳಿಗ್ಗೆಯೂ ಸ್ವಲ್ಪ ಗಾಢ. ಇದನ್ನು ಉತ್ತರ ಅಂತ ತೆಗೆದುಕೊಳ್ಳದೆ, ಎಲ್ಲಿ ಹುಡುಕಬೇಕು ಅನ್ನೋದಕ್ಕೆ ಸುಳಿವು ಅಂತ ಮಾತ್ರ ಇಟ್ಟುಕೊಂಡೆ.

ಎರಡು ಹೊತ್ತು ಗೊತ್ತುಮಾಡಿಕೊಂಡೆ: ಶುಕ್ರವಾರ ರಾತ್ರಿ 8:30, ಶನಿವಾರ ಬೆಳಿಗ್ಗೆ 10.

ಆಗಸ್ಟ್ ಮಧ್ಯ: ನನ್ನ ಎರಡನೇ ಪೆದ್ದುತನ

ಹಳೇ ವಿಡಿಯೋಗಳಲ್ಲಿ ಈ ಎರಡು ಹೊತ್ತಿಗೆ ಹಾಕಿದ್ದವನ್ನು ಹೋಲಿಸೋಣ ಅಂತ ದಿನವಾರು ಟೇಬಲ್ ಇಳಿಸಿಕೊಂಡು 'ಮೊದಲ ದಿನ'ದ ವ್ಯೂಸ್ ನೋಡಿದೆ. ಶನಿವಾರ ಬೆಳಗಿನವು ದಯನೀಯ. ಎಲ್ಲವೂ, ಒಂದೂ ಬಿಡದೆ. ಇಷ್ಟು ಚೊಕ್ಕ ಉತ್ತರ ಬಂದಾಗಲೇ ಅನುಮಾನ ಬರಬೇಕು, ಅಲ್ವಾ?

ಕಾರಣ ಇದು. ಯೂಟ್ಯೂಬ್ ಅನಲಿಟಿಕ್ಸ್‌ನ ದಿನ ನಮ್ಮ ದಿನವಲ್ಲ, ಅಮೆರಿಕದ ಪೆಸಿಫಿಕ್ ಸಮಯದ ದಿನ. ಈ ತಿಂಗಳುಗಳಲ್ಲಿ ಅಲ್ಲಿ ಮಧ್ಯರಾತ್ರಿ ಅಂದರೆ ಇಲ್ಲಿ ಮಧ್ಯಾಹ್ನ 12:30. ಚಳಿಗಾಲದಲ್ಲಿ 1:30. ಶುಕ್ರವಾರ ರಾತ್ರಿ 8:30ಕ್ಕೆ ಹಾಕಿದ ವಿಡಿಯೋಗೆ 'ಮೊದಲ ದಿನ'ದಲ್ಲಿ 16 ಗಂಟೆ ಸಿಗುತ್ತದೆ. ಶನಿವಾರ 10ಕ್ಕೆ ಹಾಕಿದ್ದಕ್ಕೆ ಎರಡೂವರೆ ಗಂಟೆ. ಪಾಪ, ಅದು ಸೋಲದೆ ಇನ್ನೇನು ಮಾಡೀತು!

ಅಂದಿನಿಂದ ದಿನವಾರು ಟೇಬಲ್ ಬಿಟ್ಟೆ. ವಿಡಿಯೋ ಪಬ್ಲಿಷ್ ಆದ ಸರಿಯಾಗಿ 24 ಗಂಟೆಗೆ ಫೋನ್‌ನಲ್ಲಿ ಅಲಾರಂ. ಆ ಕ್ಷಣದ ವ್ಯೂಸ್ ನೋಡಿ ಅತ್ತಿಗೆಯ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯೋದು. 7 ದಿನಕ್ಕೆ ಮತ್ತೊಮ್ಮೆ. ಒಂದು ಸಲ ಲೋಕಲ್ ಟ್ರೇನ್‌ನಲ್ಲಿ ನಿಂತಿದ್ದಾಗ ಅಲಾರಂ ಹೊಡೆಯಿತು. ಠಾಣೆ ದಾಟುವ ತನಕ ಜೇಬಿಗೆ ಕೈ ಹಾಕೋಕೆ ಜಾಗ ಇರಲಿಲ್ಲ. ಹತ್ತು ನಿಮಿಷದ ತಪ್ಪು, ಪರವಾಗಿಲ್ಲ.

ಆಗಸ್ಟ್‌ನಿಂದ ನವೆಂಬರ್: ಜೋಡಿಗಳು

ಹಳೇ ವಿಡಿಯೋ ಎಷ್ಟು ಕೆದಕಿದರೂ ಅಡುಗೆಯ ಪ್ರಭಾವ ಬೇರೆ ಮಾಡೋಕಾಗಲ್ಲ. ಅದಕ್ಕೆ ಹೊಸ 12 ವಿಡಿಯೋಗಳನ್ನು ಆರು ಜೋಡಿ ಮಾಡಿದೆವು. ಜೋಡಿಯೊಳಗೆ ಎರಡೂ ಒಂದೇ ತರಹದ ಅಡುಗೆ: ನೀರು ದೋಸೆಗೆ ಉದ್ದಿನ ದೋಸೆ, ಸೌತೆಕಾಯಿ ಹುಳಿಗೆ ಕುಂಬಳಕಾಯಿ ಹುಳಿ. ಯಾವುದು ಶುಕ್ರವಾರ, ಯಾವುದು ಶನಿವಾರ ಅನ್ನೋದನ್ನು ಅತ್ತಿಗೆ ಐದು ರೂಪಾಯಿ ನಾಣ್ಯ ಚಿಮ್ಮಿ ತೀರ್ಮಾನಿಸಿದರು. ನನಗೆ ಬಿಟ್ಟಿದ್ದರೆ ಇಷ್ಟದ ವಿಡಿಯೋವನ್ನು ಇಷ್ಟದ ಹೊತ್ತಿಗೇ ಹಾಕುತ್ತಿದ್ದೆ.

ಎರಡು ನಿಯಮ ಮೊದಲೇ ಬರೆದಿಟ್ಟೆವು. ಗಣಪತಿ ಹಬ್ಬದ ವಾರ ವಿಡಿಯೋ ಇಲ್ಲ. ಅಂಕಿ ನೋಡಿದ ಮೇಲೆ ಯಾವ ವಿಡಿಯೋವನ್ನೂ ತೆಗೆಯುವಂತಿಲ್ಲ. ಎರಡನೆಯದು ಕಷ್ಟ ಕೊಟ್ಟಿತು. ನಾಲ್ಕನೇ ಜೋಡಿಯ ಶನಿವಾರ ಜೋರು ಮಳೆ, ಎಲ್ಲರೂ ಮನೆಯಲ್ಲೇ, ಶನಿವಾರ ಗೆದ್ದಿತು. "ಇದು ಮಳೆಯದ್ದು, ಬಿಡೋಣ" ಅಂತ ನಾನು. "ಶುಕ್ರವಾರ ಮಳೆ ಬಂದಿದ್ರೆ ಬಿಡ್ತಿದ್ಯಾ?" ಅಂತ ಅತ್ತಿಗೆ. ಬಿಡಲಿಲ್ಲ.

ಫಲಿತಾಂಶ: ಮೊದಲ 24 ಗಂಟೆಯಲ್ಲಿ ಆರರಲ್ಲಿ ಐದು ಜೋಡಿ ಶುಕ್ರವಾರದ ಪಾಲು. ದೋಸೆ ಜೋಡಿಯಲ್ಲಿ ಶುಕ್ರವಾರ 232, ಶನಿವಾರ 188. ಖುಷಿಯಾಯಿತು. ಆದರೆ ಹೊತ್ತಿಗೂ ವ್ಯೂಸ್‌ಗೂ ಸಂಬಂಧವೇ ಇಲ್ಲದಿದ್ದರೆ ಸುಮ್ನೆ ಅದೃಷ್ಟದಿಂದ ಇಷ್ಟಾಗಬಹುದೇ? ಆರು ಸಲ ನಾಣ್ಯ ಚಿಮ್ಮಿದರೆ ಐದು ಅಥವಾ ಆರು ಸಲ ಹೆಡ್ ಬೀಳುವ ಸಾಧ್ಯತೆ:

```
python3 -c "from math import comb; print((comb(6,5)+comb(6,6))/2**6)"
0.109375
```

ಅಂದರೆ 64ರಲ್ಲಿ 7, ಸುಮಾರು 11%. ಅದೂ ಶುಕ್ರವಾರವೇ ಗೆಲ್ಲುತ್ತದೆ ಅಂತ ಮೊದಲೇ ಊಹಿಸಿದ್ದರೆ. ನಾವು ಊಹಿಸಿರಲಿಲ್ಲ. ಶನಿವಾರ ಐದು ಗೆದ್ದಿದ್ದರೂ ಹೀಗೇ ಕುಣಿಯುತ್ತಿದ್ದೆ. ಹಾಗಾಗಿ ಎರಡು ಪಟ್ಟು, 22%. ಐದು ಸಲಕ್ಕೆ ಒಂದು ಸಲ ಬರೀ ನಾಣ್ಯವೇ ಈ ಉತ್ತರ ಕೊಟ್ಟುಬಿಡುತ್ತದೆ.

7 ದಿನದ ಲೆಕ್ಕದಲ್ಲಿ ಆ ಖುಷಿಯೂ ಉಳಿಯಲಿಲ್ಲ. ಮೂರು ಜೋಡಿ ಶುಕ್ರವಾರಕ್ಕೆ, ಮೂರು ಶನಿವಾರಕ್ಕೆ. ಅದೇ ದೋಸೆ ಜೋಡಿ: ಶುಕ್ರವಾರ 845, ಶನಿವಾರ 870. ಅರ್ಥ ಆಗುವಂಥದ್ದೇ. ಮೊದಲ ದಿನ ಬರುವವರಲ್ಲಿ ನೋಟಿಫಿಕೇಶನ್, ಸಬ್‌ಸ್ಕ್ರಿಪ್ಶನ್ ಫೀಡ್ ನೋಡಿ ಬರುವವರು ಜಾಸ್ತಿ, ಅವರಿಗೆ ಹೊತ್ತು ಮುಖ್ಯ. ಆಮೇಲೆ ಸರ್ಚ್‌ನಿಂದ, ಸಜೆಶನ್‌ನಿಂದ ಬರುವವರಿಗೆ ಮುಖ್ಯವಲ್ಲ. ಪಬ್ಲಿಷ್ ಮಾಡುವ ಹೊತ್ತು ದೀರ್ಘಕಾಲದ ವ್ಯೂಸ್ ಮೇಲೆ ನೇರ ಪರಿಣಾಮ ಬೀರುವುದು ಕಂಡುಬಂದಿಲ್ಲ ಅಂತ ಯೂಟ್ಯೂಬ್‌ನ ಸಹಾಯ ಪುಟದಲ್ಲೂ ಇದೆ. ಓದಿದ್ದೆ, ನಂಬಿರಲಿಲ್ಲ.

ನವೆಂಬರ್ ಎರಡನೇ ವಾರ

ಇನ್ನೂ ನಾಲ್ಕು ಜೋಡಿ ಸೇರಿಸಿ ಹತ್ತು ಮಾಡೋಣ ಅನ್ನಿಸಿತ್ತು. ಆದರೆ ಫಲಿತಾಂಶ ನೋಡಿದ ಮೇಲೆ ಮುಂದುವರಿಸಿ, ಬೇಕಾದ ಉತ್ತರ ಬಂದಲ್ಲಿ ನಿಲ್ಲಿಸುವುದೂ ಪತ್ರೊಡೆ ಮೋಸವೇ. ಅದಕ್ಕೇ ಹೊಸದಾಗಿ ಹತ್ತು ಜೋಡಿ, ಹಳೇ ಆರು ಲೆಕ್ಕಕ್ಕಿಲ್ಲ. ಈ ಸಲ ಶುಕ್ರವಾರ ಅಂತ ಮೊದಲೇ ಬರೆದಿದ್ದೇನೆ. ಹತ್ತರಲ್ಲಿ ಒಂಬತ್ತೋ ಹತ್ತೋ ಗೆದ್ದರೆ ಒಪ್ಪುತ್ತೇನೆ, ಸುಮ್ನೆ ಅದೃಷ್ಟಕ್ಕೆ ಅಷ್ಟಾಗೋದು 1,024ರಲ್ಲಿ 11 ಸಲ ಮಾತ್ರ. ಎಂಟಾದರೆ ಇಲ್ಲ.

ವಾರಕ್ಕೊಂದು ವಿಡಿಯೋ ಅಂದರೆ 20 ವಾರ. ಮೊದಲ ಜೋಡಿ ಮೆಂತೆ ತಂಬುಳಿ, ಒಂದೆಲಗದ ತಂಬುಳಿ. ನಾಣ್ಯ ಮೆಂತೆಯನ್ನು ಶನಿವಾರಕ್ಕೆ ಹಾಕಿದೆ. ಒಂದೆಲಗ ಡೊಂಬಿವಿಲಿಯಲ್ಲಿ ಎಲ್ಲಿ ಸಿಗುತ್ತದೆ ಅನ್ನೋದು ಈಗಿನ ತಲೆನೋವು.