ಆಫ್‌ಲೈನ್ ಆಥೆಂಟಿಕೇಟರ್ ಫೋನ್ ಲಾಗ್: ಕೋಡ್ ಒಂದ್ಸಲ ತಗೊಳತ್ತೆ, ಇನ್ನೊಂದ್ಸಲ ತಗೊಳಲ್ಲ

ಈಗಿರೋ ಸೆಟಪ್ ಇಷ್ಟು. ಹಳೇ ಆಂಡ್ರಾಯ್ಡ್ ಫೋನು, ಸಿಮ್ ಇಲ್ಲ, ವೈಫೈ ಆಫ್, ಯಾವಾಗ್ಲೂ ಏರೋಪ್ಲೇನ್ ಮೋಡು, ಅದಕ್ಕಿರೋದು ಒಂದೇ ಕೆಲಸ, ಲಾಗಿನ್ ಕೋಡ್ ತೋರ್ಸೋದು. ನೆಟ್ ಇಲ್ದೆ ಹೆಚ್ಚುಕಮ್ಮಿ ಒಂದು ತಿಂಗಳು ಆರಾಮಾಗಿ ಓಡ್ತು, ಆಮೇಲೆ ಶುರುವಾಯ್ತು ತಕರಾರು. ಕೋಡ್ ಹಾಕಿದ್ರೆ "ತಪ್ಪು ಕೋಡ್" ಅನ್ನತ್ತೆ, ಮತ್ತೆ ಹಾಕಿದ್ರೂ ಅದೇ, ಮೂರನೇ ಸಲ ಸುಮ್ನೆ ಒಳಗೆ ಬಿಡತ್ತೆ. ಪೂರ್ತಿ ಕೆಟ್ಟೋಗಿದ್ರೆ ಹುಡ್ಕೋದು ಸುಲಭ, ಹೀಗೆ ಆಗಾಗ ಕೈಕೊಡೋದೇ ತಲೆನೋವು.

ಆದ್ರೆ ಈ "ಆಗಾಗ" ಅನ್ನೋದೇ ಇಲ್ಲಿ ದೊಡ್ಡ ಸುಳಿವು. ಕೋಡನ್ನ ಯಾರೂ ಫೋನಿಗೆ ಕಳ್ಸಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಬಂದ ಸೀಕ್ರೆಟ್ ಕೀ ಎರಡೂ ಕಡೆ ಇರತ್ತೆ, ಫೋನು ತನ್ನ ಗಡಿಯಾರದ ಯೂನಿಕ್ಸ್ ಟೈಮನ್ನ (ಅಂದ್ರೆ 1970ರ ಜನವರಿ 1ರಿಂದ ಯುಟಿಸಿ ಲೆಕ್ಕದಲ್ಲಿ ಎಷ್ಟು ಸೆಕೆಂಡಾಯ್ತು ಅನ್ನೋದು) 30ರಿಂದ ಭಾಗಿಸಿ, ಬಂದ ಪೂರ್ಣಸಂಖ್ಯೆನ ಆ ಕೀ ಜೊತೆ ಹ್ಯಾಶ್ ಮಾಡಿ ಆರು ಅಂಕಿ ತೆಗಿಯತ್ತೆ. ಸರ್ವರ್ರೂ ತನ್ನ ಗಡಿಯಾರ ನೋಡ್ಕೊಂಡು ಅದೇ ಲೆಕ್ಕ ಮಾಡತ್ತೆ. ಎರಡೂ ಒಂದೇ 30 ಸೆಕೆಂಡಿನ ಸ್ಲಾಟಲ್ಲಿದ್ರೆ ಕೋಡ್ ಒಂದೇ, ಇಲ್ಲಾಂದ್ರೆ ಬೇರೆ. ಟೈಪ್ ಮಾಡಕ್ಕೂ ಟೈಮ್ ಬೇಕಲ್ಲ, ಹಾಗಾಗಿ ತುಂಬಾ ಸರ್ವರ್‌ಗಳು ಹಿಂದಿನ ಒಂದು ಸ್ಲಾಟಿನ ಕೋಡನ್ನೂ ಒಪ್ಕೊಳತ್ವೆ, 2011ರ ಆರ್‌ಎಫ್‌ಸಿ 6238 ಕೂಡ ತಡ ಆಗೋದಕ್ಕೆ ಒಂದು ಸ್ಲಾಟಿಗಿಂತ ಜಾಸ್ತಿ ಬಿಡ್ಬೇಡಿ ಅಂತಾನೇ ಹೇಳತ್ತೆ.

ಅಂದ್ರೆ ಗಡಿಯಾರ ಗಂಟೆಗಟ್ಟಲೆ ತಪ್ಪಿದ್ರೆ ಕೋಡ್ ಯಾವತ್ತೂ ತಗೊಳಲ್ಲ. ಕೆಲವು ಸಲ ತಗೊಂಡು ಕೆಲವು ಸಲ ಬಿಡ್ತಿದೆ ಅಂದ್ರೆ ವ್ಯತ್ಯಾಸ ಸೆಕೆಂಡುಗಳಲ್ಲಿದೆ, ಆ ಒಂದು ಸ್ಲಾಟಿನ ವಿನಾಯಿತಿಯ ಅಂಚಲ್ಲಿ ನಿಂತಿದೆ.

ಅಳತೆ

ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿದ್ರೆ ಲ್ಯಾಪ್‌ಟಾಪಿಂದ್ಲೇ ಫೋನಿನ ಟೈಮ್ ಓದ್ಬಹುದಿತ್ತು, ಆದ್ರೆ ಕೋಡ್ ಇಟ್ಟಿರೋ ಫೋನಲ್ಲಿ ಅದನ್ನ ಆನ್ ಮಾಡೋ ಮನಸ್ಸಿಲ್ಲ. ಅದಕ್ಕೆ ಆ್ಯಪಲ್ಲೇ ಒಂದು ಡಮ್ಮಿ ಖಾತೆ ಸೇರಿಸ್ದೆ, ಕೀ `JBSWY3DPEHPK3PXP`, ಎಲ್ರಿಗೂ ಗೊತ್ತಿರೋ ಟೆಸ್ಟ್ ಕೀ ಅದು. ಅಸಲಿ ಕೀನ ಟರ್ಮಿನಲಲ್ಲಿ ಟೈಪ್ ಮಾಡ್ಬೇಡಿ, ಹಿಸ್ಟರಿಲಿ ಉಳ್ಕೊಂಡುಬಿಡತ್ತೆ.

ಮೊದ್ಲು ಲ್ಯಾಪ್‌ಟಾಪ್ ನಂಬಬಹುದಾ ಅಂತ ನೋಡ್ಕೊಂಡೆ, `timedatectl` ಕೊಟ್ರೆ `System clock synchronized: yes` ಅಂತ ಬರ್ಬೇಕು. ಆಮೇಲೆ ಫೋನಲ್ಲಿ ಕೋಡ್ ಯಾವ ಸೆಕೆಂಡಿಗೆ ಬದ್ಲಾಗತ್ತೆ ಅಂತ ಲ್ಯಾಪ್‌ಟಾಪಿನ ಸೆಕೆಂಡ್ ನೋಡ್ತಾ ಗಮನಿಸ್ದೆ. ಗಡಿಯಾರ ಸರಿ ಇದ್ರೆ ಬದಲಾವಣೆ 00ಕ್ಕೂ 30ಕ್ಕೂ ಆಗ್ಬೇಕು. ನಂದು 17ಕ್ಕೆ ಮತ್ತೆ 47ಕ್ಕೆ ಆಗ್ತಿತ್ತು.

ಇಷ್ಟರಲ್ಲೇ ತೀರ್ಮಾನ ಮಾಡಕ್ಕಾಗಲ್ಲ, ಯಾಕಂದ್ರೆ ಫೋನು 17 ಸೆಕೆಂಡ್ ಹಿಂದಿದ್ರೂ ಹೀಗೇ, 47 ಹಿಂದಿದ್ರೂ ಹೀಗೇ, 13 ಮುಂದಿದ್ರೂ ಹೀಗೇ ಕಾಣತ್ತೆ. ಎಷ್ಟು ಸ್ಲಾಟ್ ಜಾರಿದೆ ಅಂತ ಗೊತ್ತಾಗಕ್ಕೆ ಅಕ್ಕಪಕ್ಕದ ಕೋಡ್‌ಗಳನ್ನ ಸಾಲಾಗಿ ತೆಗಿಬೇಕು. ಈಗ 22:13:20 ಯುಟಿಸಿ ಅಂದ್ಕೊಳಿ, ಅದಕ್ಕಿಂತ ಒಂದೂವರೆ ನಿಮಿಷ ಹಿಂದಿಂದ ಶುರು ಮಾಡಿ ಏಳು ಕೋಡ್ ಕೇಳೋದು:

```
oathtool --totp -b -w 6 \
  --now "2023-11-14 22:11:50 UTC" \
  JBSWY3DPEHPK3PXP
```

ನಾಲ್ಕನೇ ಸಾಲು ಈಗಿನ ಸರಿಯಾದ ಕೋಡು. ಫೋನು ತೋರಿಸ್ತಿದ್ದದ್ದು ಮೂರನೇ ಸಾಲಿಂದು. ಸ್ಲಾಟಿನ ಮೊದಲ 17 ಸೆಕೆಂಡೊಳಗೆ, ಅಂದ್ರೆ 22:13:05ರ ಥರದ ಹೊತ್ತಲ್ಲಿ ನೋಡಿದ್ರೆ ಎರಡನೇ ಸಾಲಿಂದು. 17 ಸೆಕೆಂಡಷ್ಟೇ ಹಿಂದಿದ್ದಿದ್ರೆ ಅದು ನಾಲ್ಕು ಮತ್ತೆ ಮೂರು ಆಗ್ಬೇಕಿತ್ತು. ಸೋ 47 ಸೆಕೆಂಡ್ ಹಿಂದೆ, ಡೌಟಿಲ್ಲ.

ಇಷ್ಟು ಗೊತ್ತಾದ್ಮೇಲೆ ಆ ಆಟ ಅರ್ಥ ಆಯ್ತು. ಕೋಡ್ ಕಂಡ ಕ್ಷಣದಲ್ಲೇ ಸರ್ವರಿಗೆ ತಲುಪಿದ್ರೆ, ಪ್ರತಿ 30 ಸೆಕೆಂಡಲ್ಲಿ ಕೊನೇ 13 ಸೆಕೆಂಡ್ ಮಾತ್ರ ನಾನು ಒಂದೇ ಸ್ಲಾಟ್ ಹಿಂದಿರ್ತೀನಿ, ಉಳಿದ 17ರಲ್ಲಿ ಎರಡು ಸ್ಲಾಟ್ ಹಿಂದೆ, ಅದನ್ನ ಸರ್ವರ್ ಒಪ್ಪಲ್ಲ. ಆದ್ರೆ ನೋಡಿ ಟೈಪ್ ಮಾಡಿ ಎಂಟರ್ ಒತ್ತಕ್ಕೆ 10 ಸೆಕೆಂಡ್ ಹಿಡಿದ್ರೆ ಒಟ್ಟು ತಡ 57, ಆಗ ಬರೀ ಕೊನೇ 3 ಸೆಕೆಂಡ್ ಮಾತ್ರ ಬಾಗ್ಲು ತೆಗ್ದಿರತ್ತೆ. ಹುಷಾರಾಗಿ ನಿಧಾನಕ್ಕೆ ಟೈಪ್ ಮಾಡಿದಷ್ಟೂ ಜಾಸ್ತಿ ಫೇಲ್ ಆಗ್ತಿತ್ತಲ್ಲ, ಕಾರಣ ಇದೇ.

ಫೋನು ಮುಂದಿದ್ರೆ ಉಲ್ಟಾ. ಆಗ ಕೋಡನ್ನ ಬರ್ಕೊಂಡು, ಸ್ಕ್ರೀನಿಂದ ಹೋದ್ಮೇಲೂ ಅರ್ಧ ನಿಮಿಷ ಬಿಟ್ಟು ಹಾಕಿದ್ರೆ ತಗೊಂಡುಬಿಡಬಹುದು, ಹಳೇ ಕೋಡ್ ಅನ್ಸತ್ತೆ ಆದ್ರೆ ಸರ್ವರಿಗೆ ಅದು ಈಗ ತಾನೇ ಬಂದಿರೋ ಸ್ಲಾಟು. ಯಾವ ಟೂಲೂ ಕೈಲಿಲ್ದಾಗ ಮುಂದೋ ಹಿಂದೋ ಅಂತ ತಿಳಿಯಕ್ಕೆ ಒಳ್ಳೇ ಉಪಾಯ, ಆದ್ರೆ ತುಂಬಾ ಸಲ ಪ್ರಯೋಗ ಮಾಡಿ ಖಾತೆ ಲಾಕ್ ಮಾಡಿಸ್ಕೊಬೇಡಿ.

ರಿಪೇರಿ

ವೈಫೈ ಆನ್ ಮಾಡಿ, ಸೆಟ್ಟಿಂಗ್ಸಲ್ಲಿ ಡೇಟ್ ಅಂಡ್ ಟೈಮ್‌ಗೆ ಹೋಗಿ, ಆಟೋಮ್ಯಾಟಿಕ್ ಟೈಮನ್ನ ಒಂದ್ಸಲ ಆಫ್ ಮಾಡಿ ಆನ್ ಮಾಡ್ದೆ. ಏನೂ ಆಗ್ಲಿಲ್ಲ, ಬದಲಾವಣೆ ಇನ್ನೂ 17ಕ್ಕೇ. ಆ ವೈಫೈ ನೆಟ್‌ವರ್ಕಲ್ಲಿ ಯುಡಿಪಿ ಪೋರ್ಟ್ 123 ಬ್ಲಾಕ್ ಆಗಿತ್ತು, ಟೈಮ್ ಸಿಂಕ್ ಹೋಗೋದು ಅದರ ಮೂಲಕಾನೇ. ಸ್ವಿಚ್ ಆನ್ ಅಂತ ತೋರಿಸತ್ತೆ, ಸಿಂಕ್ ಆಗಿರಲ್ಲ, ಫೋನು ಅದರ ಬಗ್ಗೆ ಒಂದ್ಮಾತೂ ಹೇಳಲ್ಲ. ಇನ್ನೊಂದು ಫೋನಿನ ಹಾಟ್‌ಸ್ಪಾಟಿಗೆ ಹಾಕ್ದೆ, ಸ್ವಲ್ಪ ಹೊತ್ತಲ್ಲೇ ಬದಲಾವಣೆ 00 ಮತ್ತೆ 30ಕ್ಕೆ ಬಂದು ಕೂತ್ಕೊಂಡ್ತು.

ನೆಟ್ಟೇ ಬೇಡ ಅನ್ನೋರು ಕೈಯಲ್ಲೇ ಸೆಟ್ ಮಾಡ್ಬಹುದು. ಸ್ಟಾಕ್ ಆಂಡ್ರಾಯ್ಡಲ್ಲಿ ಗಂಟೆ ನಿಮಿಷ ಕೊಟ್ಟು ಓಕೆ ಒತ್ತಿದ ಕ್ಷಣಕ್ಕೆ ಸೆಕೆಂಡ್ 0 ಆಗತ್ತೆ, ಸೋ ಮುಂದಿನ ನಿಮಿಷ ಹಾಕಿಟ್ಕೊಂಡು, ಲ್ಯಾಪ್‌ಟಾಪಲ್ಲಿ ಸೆಕೆಂಡ್ 00 ಆದಾಗ ಓಕೆ ಒತ್ತೋದು. ಒಂದು ಸೆಕೆಂಡೊಳಗೆ ಕೂರತ್ತೆ. ಆದ್ರೆ ಅದಕ್ಕೂ ಮೊದ್ಲು ಟೈಮ್ ಝೋನ್ ಸರಿ ಇದೆಯಾ ನೋಡಿ. ಲೆಕ್ಕ ನಡಿಯೋದು ಯುಟಿಸಿಲಿ, ಹಾಗಾಗಿ ಝೋನ್ ತಪ್ಪಿದ್ದು ಮಾತ್ರ ಕೋಡಿಗೆ ಏನೂ ಮಾಡಲ್ಲ, ಸ್ಕ್ರೀನಲ್ಲಿ ಗಂಟೆ ತಪ್ಪು ಕಾಣತ್ತೆ ಅಷ್ಟೇ. ಕಾಣೋ ಗಂಟೆ ಸರಿ ಮಾಡೋಣ ಅಂತ ಝೋನ್ ಬಿಟ್ಟು ಟೈಮನ್ನ ಒಂದು ಗಂಟೆ ತಿರುಗಿಸಿದ್ರೆ ಒಳಗಿನ ಯುಟಿಸಿ 3600 ಸೆಕೆಂಡ್ ತಪ್ಪಿಹೋಗತ್ತೆ, ಅಂದ್ರೆ 120 ಸ್ಲಾಟು. ಗೋಡೆ ಗಡಿಯಾರಕ್ಕೂ ಫೋನಿಗೂ ನಿಮಿಷದವರೆಗೆ ಸರಿಹೊಂದಿದ್ರೂ ಒಂದು ಕೋಡೂ ತಗೊಳ್ದೇ ಇರೋ ಕೇಸುಗಳಲ್ಲಿ ನಾನು ಮೊದ್ಲು ನೋಡೋದು ಇದನ್ನೇ.

ಇನ್ನೊಂದು, ಒಂದೇ ಸೈಟಲ್ಲಿ ಮಾತ್ರ ಫೇಲ್ ಆಗಿ ಬೇರೆ ಎಲ್ಲಾ ಕಡೆ ಓಡ್ತಿದ್ರೆ ಫೋನಿನ ಗಡಿಯಾರ ಮುಟ್ಟಕ್ಕೆ ಹೋಗ್ಬೇಡಿ, ಆ ಸರ್ವರಿನ ಗಡಿಯಾರ ಜಾರಿರಬಹುದು ಅಥವಾ ಕೀನೇ ಬದಲಾಗಿರಬಹುದು.

ಮುಂದೇನು

ತಿಂಗಳಿಗೆ 47 ಅಂದ್ರೆ ದಿನಕ್ಕೆ ಒಂದೂವರೆ ಸೆಕೆಂಡಿಗಿಂತ ಚೂರು ಜಾಸ್ತಿ, ಹತ್ತಿರತ್ತಿರ 18 ಪಿಪಿಎಂ. ಫೋನೊಳಗಿನ ಕ್ವಾರ್ಟ್ಜ್ ಹರಳಿಗೆ ಇದು ಮಾಮೂಲು, ಕೆಟ್ಟಿದೆ ಅಂತಲ್ಲ. ಸಿಂಕ್ ಆದ್ಮೇಲೆ ಮತ್ತೆ ಏರೋಪ್ಲೇನ್ ಮೋಡಿಗೆ ಹಾಕಿ ಒಂದು ವಾರ ಬಿಟ್ಟು ನೋಡಿದ್ರೆ ಕೋಡ್ ಬದಲಾಗ್ತಿದ್ದದ್ದು 11ಕ್ಕೆ ಮತ್ತೆ 41ಕ್ಕೆ, ಅದೇ ವೇಗ. ಟೈಪಿಂಗಿಗೆ 10 ಸೆಕೆಂಡ್ ಬಿಟ್ರೆ 20 ಸೆಕೆಂಡ್ ಜಾರೋವರೆಗೆ ಹಿಂದಿನ ಸ್ಲಾಟ್ ಒಪ್ಪೋ ಸರ್ವರ್‌ಗಳಲ್ಲಿ ಯಾವ ಕೋಡೂ ತಪ್ಪಲ್ಲ, ಅಂದ್ರೆ 12 ದಿನ. ಹತ್ತು ದಿನಕ್ಕೊಂದ್ಸಲ ಹಾಟ್‌ಸ್ಪಾಟ್ ತೋರ್ಸೋದು ಅಂತ ರಿಮೈಂಡರ್ ಹಾಕಿದೀನಿ, ಡಮ್ಮಿ ಖಾತೆ ಆ್ಯಪಲ್ಲಿ ಹಾಗೇ ಇರ್ಲಿ.