ತಾಜ್‌ಮಹಲಿನ ಹಿಂಬದಿಯನ್ನೂ ನೋಡಿ ಬನ್ನಿ

ಬೆಂಗಳೂರಿನಿಂದ ಆಗ್ರಾಕ್ಕೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೋಗುವುದಾದರೆ ಮಾರನೆಯ ದಿನ ರೈಲು ಬುರ್ಹಾನ್‌ಪುರವನ್ನು ಹಾದುಹೋಗುತ್ತದೆ. ಆಗ ಕಿಟಕಿಯ ಬಳಿ ಕುಳಿತಿರಿ. 1631ರ ಜೂನ್‌ನಲ್ಲಿ ಹದಿನಾಲ್ಕನೆಯ ಹೆರಿಗೆಯಲ್ಲಿ ಮುಮ್ತಾಜ್ ಮಹಲ್ ತೀರಿಕೊಂಡದ್ದು ಇದೇ ಊರಿನಲ್ಲಿ. ಅಲ್ಲಿನ ತೋಟವೊಂದರಲ್ಲಿ ತಾತ್ಕಾಲಿಕವಾಗಿ ಮಣ್ಣು ಮಾಡಿದ್ದ ದೇಹವನ್ನು ಆರು ತಿಂಗಳ ನಂತರ ಆಗ್ರಾಕ್ಕೆ ಒಯ್ದರು. ನಮ್ಮ ರೈಲು ಸಾಗುವುದೂ ಅದೇ ದಿಕ್ಕಿನಲ್ಲಿ.

ಇದು ನನ್ನ ಎರಡನೆಯ ಭೇಟಿ. ಮೊದಲ ಸಲ ಎಲ್ಲರಂತೆ ಕೊಳದ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಗೋರಿಯ ಸುತ್ತ ಒಂದು ಸುತ್ತು ಹಾಕಿ ಮರಳಿದ್ದೆ. ಈ ಸಲ ಕಟ್ಟಡ ಹೇಗೆ ನಿಂತಿದೆ ಎಂಬುದನ್ನಷ್ಟೇ ನೋಡಬೇಕೆಂದು ಹೋದೆ. ಹೀಗೆ ನೋಡಬಯಸುವವರಿಗೆ ನನ್ನ ಮೊದಲ ಸಲಹೆ ಇದು: ಹಿಂದಿನ ಸಂಜೆಯೇ ಯಮುನೆಯ ಆಚೆ ದಡದ ಮೆಹ್ತಾಬ್ ಬಾಗ್‌ಗೆ ಹೋಗಿ. ಆಟೊದವರು ಸೇತುವೆ ದಾಟಿ, ಸುತ್ತು ಹಾಕಿ ಕರೆದೊಯ್ಯುತ್ತಾರೆ. ಅಲ್ಲಿ ಪ್ರವೇಶಕ್ಕೆ ಬೇರೆ ಟಿಕೆಟ್.

ಅಲ್ಲಿಂದ ತಾಜ್‌ನ ಬೆನ್ನು ಕಾಣಿಸುತ್ತದೆ. ನದಿಯಂಚಿನಲ್ಲಿ ಸುಮಾರು 300 ಮೀಟರ್ ಉದ್ದದ ಕೆಂಪು ಮರಳುಗಲ್ಲಿನ ಜಗಲಿ; ಅದರ ಮೇಲೆ ಬಿಳಿಯ ಕಟ್ಟಡ. ಮುಂಬದಿಯಿಂದ ನೋಡುವಾಗ ಈ ಜಗಲಿ ಇದೆಯೆಂದೇ ಹೊಳೆಯುವುದಿಲ್ಲ. ನಮ್ಮ ವಿಜಯಪುರದ ಗೋಲ ಗುಮ್ಮಟವೂ ಇದೇ ಕಾಲದ್ದು, 1656ರ ಹೊತ್ತಿಗೆ ನಿಂತದ್ದು. ಆದರೆ ಅದಕ್ಕೆ ಒಣ, ಗಟ್ಟಿ ನೆಲ ಸಿಕ್ಕಿತ್ತು. ಇಲ್ಲಿ ಸಿಕ್ಕಿದ್ದು ಹರಿಯುವ ನದಿ ಮತ್ತು ಮರಳು.

ಅದಕ್ಕೆ ತಾಜ್ ಕಟ್ಟಿದವರು ಕಂಡುಕೊಂಡ ಉಪಾಯ ಬಾವಿ. ಮರದ ಬಳೆಯೊಂದನ್ನು ನೆಲದ ಮೇಲಿಟ್ಟು, ಅದರ ಮೇಲೆ ದುಂಡಗೆ ಇಟ್ಟಿಗೆ ಗೋಡೆ ಕಟ್ಟುತ್ತಾರೆ. ಗೋಡೆಯೊಳಗೆ ಇಳಿದವರು ಮರಳನ್ನು ತೋಡಿ ತೆಗೆದಂತೆಲ್ಲ ಇಡೀ ಕೊಳವೆ ತನ್ನ ಭಾರಕ್ಕೆ ತಾನೇ ಕೆಳಗೆ ಜಾರುತ್ತದೆ. ಅದು ಇಳಿದಷ್ಟೂ ಮೇಲೆ ಇಟ್ಟಿಗೆ ಸೇರಿಸುತ್ತಾ ಹೋಗುತ್ತಾರೆ. ಗಟ್ಟಿ ನೆಲ ಸಿಕ್ಕ ಮೇಲೆ ಒಳಗೆಲ್ಲ ಕಲ್ಲು ಮತ್ತು ಸುಣ್ಣದ ಗಾರೆ ತುಂಬುತ್ತಾರೆ. ಹೀಗೆ ಇಳಿಸಿದ ಬಾವಿಗಳ ಸಾಲಿನ ಮೇಲೆ ಜಗಲಿ ನಿಂತಿದೆ. ಬಾವಿ ಒಂದು ಪಕ್ಕಕ್ಕೆ ವಾಲಿದರೆ ಮತ್ತೆ ನೆಟ್ಟಗೆ ಮಾಡುವುದು ಬಹಳ ಕಷ್ಟ. ಆದ್ದರಿಂದ ಒಳಗಿನ ಮರಳನ್ನು ಎಲ್ಲ ಕಡೆ ಸಮನಾಗಿ ತೋಡಬೇಕು. ಶಾಹಜಹಾನನ ಆಸ್ಥಾನದ ಚರಿತ್ರೆಕಾರ ಅಬ್ದುಲ್ ಹಮೀದ್ ಲಾಹೋರಿ, ನೀರು ಸಿಗುವವರೆಗೂ ಅಗೆದು ಅಡಿಪಾಯ ಹಾಕಿದ್ದನ್ನು ಬರೆದಿದ್ದಾನೆ.

ಅಡಿಪಾಯ ಗಟ್ಟಿಯಾಗಿಯೇ ಉಳಿಯಿತು. ತೊಂದರೆ ಬಂದದ್ದು ಮೇಲಿನಿಂದ. 1652ರ ಡಿಸೆಂಬರ್‌ನಲ್ಲಿ ದಖ್ಖನ್ನಿಗೆ ಹೊರಟ ಔರಂಗಜೇಬ್ ಇಲ್ಲಿಗೆ ಬಂದು ನೋಡಿ, ಮಳೆಗಾಲದಲ್ಲಿ ಗುಮ್ಮಟ ಉತ್ತರದ ಕಡೆ ಎರಡು ಕಡೆ ಸೋರುತ್ತಿದೆ ಎಂದು ತಂದೆಗೆ ಪತ್ರ ಬರೆದ. ನದಿ ಉಕ್ಕಿ ಮೆಹ್ತಾಬ್ ಬಾಗ್ ಮುಳುಗಿದ್ದ ಸುದ್ದಿಯೂ ಅದೇ ಪತ್ರದಲ್ಲಿದೆ.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದೆ. ಶುಕ್ರವಾರ ತಾಜ್‌ಮಹಲಿಗೆ ರಜೆ, ಮರೆಯಬೇಡಿ. ಡಿಸೆಂಬರ್, ಜನವರಿಯಲ್ಲಿ ಮಂಜು ಕವಿದರೆ ಹತ್ತಿರ ಹೋದ ಮೇಲೂ ಗುಮ್ಮಟ ಕಾಣಿಸದೆ ಇರಬಹುದು. ಟಿಕೆಟ್ ತೆಗೆದುಕೊಳ್ಳುವಾಗ ಗೋರಿಯ ಕಟ್ಟಡದೊಳಗೆ ಹೋಗುವ ಹೆಚ್ಚುವರಿ ಟಿಕೆಟನ್ನೂ ತೆಗೆದುಕೊಳ್ಳಿ. ದುಡ್ಡು ಉಳಿಸಲು ಹಲವರು ಅದನ್ನು ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟರೆ ನೋಡಬೇಕಾದ ಅತ್ಯುತ್ತಮ ಕೆಲಸವೇ ಕೈತಪ್ಪುತ್ತದೆ.

ಒಳಗೆ ಗೋರಿಗಳ ಸುತ್ತ ಎಂಟು ಮೂಲೆಯ ಅಮೃತಶಿಲೆಯ ಜಾಲಿ ಇದೆ. ಮೊದಲು ಇಲ್ಲಿದ್ದದ್ದು ಚಿನ್ನದ ಜಾಲಿ. 1643ರಲ್ಲಿ ಅದನ್ನು ತೆಗೆದು ಇದನ್ನು ನಿಲ್ಲಿಸಿದರು. ಇದರ ಕೆಲಸಕ್ಕೆ ಹತ್ತು ವರ್ಷ ಹಿಡಿಯಿತು ಎನ್ನುತ್ತಾನೆ ಲಾಹೋರಿ. ಇಲ್ಲಿನ ಹೂಗಳು ಬಣ್ಣದಿಂದ ಬರೆದವಲ್ಲ, ಕಲ್ಲಿನಲ್ಲಿ ಕೂಡಿಸಿದವು. ಒಂದು ಕೆಂಪು ಹೂವಿನ ಮುಂದೆ ಬಗ್ಗಿ ನಿಂತು ನೋಡಿದೆ. ದಳದ ತುದಿಯಲ್ಲಿ ಕಡುಗೆಂಪು, ಬುಡದತ್ತ ತೆಳು ಕಿತ್ತಳೆ. ಒಂದೇ ಕಲ್ಲಿನಲ್ಲಿ ಆ ಛಾಯೆಗಳು ಸಿಗುವುದಿಲ್ಲವಾದ್ದರಿಂದ ಬಣ್ಣ ಬದಲಾಗುವ ಪ್ರತಿ ಕಡೆಯೂ ಬೇರೆ ಚೂರು. ಎಣಿಸುತ್ತಾ ಮೂವತ್ತರ ಹತ್ತಿರ ಬರುವಷ್ಟರಲ್ಲಿ ಕಾವಲುಗಾರ ಮುಂದೆ ಸಾಗಲು ಹೇಳಿದ. ಒಳಗೆ ಫೋಟೊ ತೆಗೆಯುವಂತಿಲ್ಲ, ಹಾಗಾಗಿ ಕಣ್ಣಿನಲ್ಲೇ ತುಂಬಿಕೊಂಡು ಬರಬೇಕು.

ಈ ಕೆಲಸಕ್ಕೆ ಪರ್ಚಿನ್‌ಕಾರಿ ಎನ್ನುತ್ತಾರೆ. ಅದನ್ನು ಅರ್ಥ ಮಾಡಿಕೊಳ್ಳಲು ಮಧ್ಯಾಹ್ನ ಪಕ್ಕದ ಬಡಾವಣೆ ತಾಜ್‌ಗಂಜ್‌ನ ಓಣಿಗಳಲ್ಲಿ ಅಡ್ಡಾಡಿ. ನಾನು ಹೋದ ಮನೆಯಲ್ಲಿ ಹಿರಿಯರೊಬ್ಬರು ಅಮೃತಶಿಲೆಯ ಹಲಗೆಗೆ ಕೆಮ್ಮಣ್ಣು ಬಳಿದು ಕುಳಿತಿದ್ದರು. ಬಿಳಿಯ ಕಲ್ಲಿನ ಮೇಲೆ ಗೆರೆ ಕಾಣುವುದಿಲ್ಲ. ಕೆಂಪು ಬಳಿದು ಗೀರಿದರೆ ಬಿಳಿಯ ಗೆರೆ ಎದ್ದು ಕಾಣುತ್ತದೆ. ಪಕ್ಕದಲ್ಲಿ ಅವರ ಮಗ ಅಕ್ಕಿಕಾಳಿನಷ್ಟು ಕೆಂಪು ಕಲ್ಲನ್ನು ತಿರುಗುವ ಚಕ್ರಕ್ಕೆ ಒತ್ತಿ ಹಿಡಿದಿದ್ದ. ಚಕ್ರದ ಮೇಲೆ ಕುರುಂದದ ಪುಡಿ ಕಲಸಿದ ನೀರು. ಅರೆದ ಚೂರನ್ನು ಹಲಗೆಯ ಗುಳಿಯಲ್ಲಿ ಇಟ್ಟು ನೋಡುತ್ತಾನೆ, ಕೂಡದಿದ್ದರೆ ಮತ್ತೆ ಚಕ್ರಕ್ಕೆ ಒಯ್ಯುತ್ತಾನೆ. ಆ ಒಂದು ಎಸಳಿಗೆ ಏಳು ಸಲ ಹೀಗೆ ಹೋಗಿ ಬಂದ. ಕೊನೆಗೆ ಅಂಟು ಹಾಕಿ ಕೂರಿಸಿ, ಮೇಲೆ ಉಗುರು ಎಳೆದು ನೋಡಲು ಹೇಳಿದ. ಸಂದಿಗೆ ಉಗುರು ತಡೆಯಲಿಲ್ಲ.

ಕೊಳ್ಳುವವರು ಇದೇ ಪರೀಕ್ಷೆ ಮಾಡಿ ನೋಡಿ. ಅಮೃತಶಿಲೆ ಎಂದು ಹೇಳಿ ಮೆತುವಾದ ಬಳಪದ ಕಲ್ಲನ್ನು ಮಾರುವವರು ಇದ್ದಾರೆ. ನನಗೂ ಮೊದಲ ಭೇಟಿಯಲ್ಲಿ ಒಂದು ಅಂಗಡಿಯಲ್ಲಿ ಅದನ್ನೇ ಕಟ್ಟಿದ್ದರು. ವಸ್ತುವಿನ ಹಿಂಬದಿಯಲ್ಲಿ ನಾಣ್ಯದ ಅಂಚಿನಿಂದ ಗೀರಿದಾಗ ಬಳಪದ ಕಲ್ಲು ಪುಡಿ ಉದುರಿಸುತ್ತದೆ. ಮೊಬೈಲ್ ಟಾರ್ಚ್ ಒತ್ತಿ ಹಿಡಿದರೆ ಅಸಲಿ ಕೆಂಪು ಅಕೀಕ್ ಕಲ್ಲಿನೊಳಗೆ ಬೆಳಕು ಇಳಿದು ಕೆಂಡದಂತೆ ಹೊಳೆಯುತ್ತದೆ.

ಇಪ್ಪತ್ತು ಸಾವಿರ ಜನ ದುಡಿದರು ಎಂಬ ಮಾತನ್ನು ಎಲ್ಲ ಗೈಡುಗಳೂ ಹೇಳುತ್ತಾರೆ. ಅದು ಫ್ರೆಂಚ್ ವ್ಯಾಪಾರಿ ತಾವರ್ನಿಯೆ ಬರೆದ ಲೆಕ್ಕ. ಕೆಲಸ ಶುರುವಾದದ್ದನ್ನೂ ಮುಗಿದದ್ದನ್ನೂ ಕಂಡೆ ಎನ್ನುತ್ತಾನೆ ಆತ, ಆದರೆ 1632ರಲ್ಲಿ ಆತ ಇನ್ನೂ ಭಾರತಕ್ಕೆ ಬಂದಿರಲಿಲ್ಲ. ಕೆಲಸ ದೊಡ್ಡದಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿಗಳಿವೆ: ಸುಮಾರು 400 ಕಿ.ಮೀ. ದೂರದ ಮಕ್ರಾನಾದಿಂದ ಬಿಳಿ ಕಲ್ಲು ಸಾಗಿಸಲು ಗಾಡಿ ಮತ್ತು ಕಲ್ಲುಕುಟಿಗರನ್ನು ಒದಗಿಸಬೇಕೆಂದು ಅಂಬೇರಿನ ರಾಜಾ ಜೈಸಿಂಗನಿಗೆ ಶಾಹಜಹಾನ್ ಕಳುಹಿಸಿದ ಫರ್ಮಾನುಗಳು ಉಳಿದಿವೆ. ಕುಶಲಕರ್ಮಿಗಳ ಕೈ ಕತ್ತರಿಸಿದರು ಎಂಬ ಕಥೆಯನ್ನಂತೂ ನಂಬಬೇಡಿ. ತಾಜ್‌ನ ಉಸ್ತುವಾರಿ ವಹಿಸಿದ್ದ ಮಕ್ರಮತ್ ಖಾನ್, ವಾಸ್ತುಶಿಲ್ಪಿ ಉಸ್ತಾದ್ ಅಹ್ಮದ್ ಇಬ್ಬರೂ ಮುಂದೆ ದೆಹಲಿಯ ಕೆಂಪುಕೋಟೆಯ ಕೆಲಸಕ್ಕೆ ಹೋದರು.

ಆ ದುಡಿದವರ ಗುರುತು ನೋಡಬೇಕೆಂದರೆ ಗೋರಿಯ ಹಿಂದಿನ ಕೆಂಪು ಜಗಲಿಗೆ ಹೋಗಿ ಕೆಳಗೆ ನೋಡುತ್ತಾ ನಡೆಯಿರಿ. ಬೆಳಗಿನ ಓರೆ ಬಿಸಿಲು ಬೀಳುವಾಗ ಹಾಸುಗಲ್ಲುಗಳಲ್ಲಿ ಸಣ್ಣ ಗುರುತುಗಳು ಎದ್ದು ಕಾಣುತ್ತವೆ: ನಕ್ಷತ್ರ, ತ್ರಿಕೋನ, ಮೀನು, ಸ್ವಸ್ತಿಕ. ಅವು ಕಲ್ಲುಕುಟಿಗರು ಕೊರೆದಿಟ್ಟ ಗುರುತುಗಳು. ಅಷ್ಟು ಹೊತ್ತಿಗೆ ಗುಂಪುಗಳೆಲ್ಲ ಮುಂಬದಿಯಲ್ಲಿದ್ದವು. ಜಗಲಿಯಲ್ಲಿ ನಾನು, ಕಸ ಗುಡಿಸುವ ಒಬ್ಬಾಕೆ, ಕೆಳಗೆ ಯಮುನೆ. ಮೀನಿನ ಗುರುತಿದ್ದ ಕಲ್ಲನ್ನು ಆಕೆಯೇ ಪೊರಕೆಯಿಂದ ಧೂಳು ಸರಿಸಿ ತೋರಿಸಿದಳು.